ರಾತ್ರಿ ಊಟದ ದಟ್ಟಣೆಯಲ್ಲಿ ಕೆಒಟಿ ಓದುವ ಕ್ರಮ

ರೆಸ್ಟೋರೆಂಟಿನ ಅಡುಗೆಮನೆಗೆ ಬರುವ ಆರ್ಡರ್ ಚೀಟಿಗೆ ನಮ್ಮ ಹೋಟೆಲುಗಳಲ್ಲಿ ಕೆಒಟಿ, ಅಂದರೆ ಕಿಚನ್ ಆರ್ಡರ್ ಟಿಕೆಟ್ ಎಂದು ಹೆಸರು. ಟೇಬಲ್ ಸಂಖ್ಯೆ, ಕುಳಿತವರ ಸಂಖ್ಯೆ, ಆರ್ಡರ್ ತೆಗೆದುಕೊಂಡ ಸಮಯ, ಸ್ಟೀವರ್ಡ್ ಹೆಸರು, ತಿನಿಸುಗಳ ಪಟ್ಟಿ, ಕೆಳಗೆ ‘ಖಾರ ಕಡಿಮೆ’ ಅಥವಾ ‘ಈರುಳ್ಳಿ ಬೆಳ್ಳುಳ್ಳಿ ಬೇಡ’ ಎಂಬಂಥ ಸೂಚನೆ: ಇಷ್ಟೇ ಅದರಲ್ಲಿರುವುದು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಒಂದೇ ಒಂದು ಟೇಬಲ್ ಇದ್ದಾಗ ಈ ಚೀಟಿಯನ್ನು ಯಾರು ಬೇಕಾದರೂ ಓದಬಹುದು. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಎರಡು ನಿಮಿಷಕ್ಕೊಂದರಂತೆ ಚೀಟಿಗಳು ಬೀಳತೊಡಗಿದಾಗ ಮಾತ್ರ ಅವುಗಳನ್ನು ಓದುವುದೇ ಒಂದು ಪ್ರತ್ಯೇಕ ಕೆಲಸವಾಗುತ್ತದೆ, ಮತ್ತು ದೊಡ್ಡ ಅಡುಗೆಮನೆಗಳಲ್ಲಿ ಅದಕ್ಕೆಂದೇ ಒಬ್ಬರು ಪಿಕಪ್ ಕೌಂಟರಿನಲ್ಲಿ ನಿಂತಿರುತ್ತಾರೆ. ಪಂಚತಾರಾ ಹೋಟೆಲುಗಳಲ್ಲಿ ಅವರನ್ನು ಅಬೋಯರ್ ಎನ್ನುತ್ತಾರೆ. ಉಳಿದ ಕಡೆ ಹಿರಿಯ ಶೆಫ್ ಅಥವಾ ಅನುಭವಿ ಕ್ಯಾಪ್ಟನ್ ಒಬ್ಬರು ಆ ಜಾಗದಲ್ಲಿ ನಿಂತು ಚೀಟಿ ನೋಡಿ ಕೂಗಿ ಹೇಳುತ್ತಾರೆ. ಅವರು ಹೆಚ್ಚಾಗಿ ಏನನ್ನೂ ಬೇಯಿಸುವುದಿಲ್ಲ, ಆದರೆ ಪ್ರತಿಯೊಂದು ತಿನಿಸು ಯಾವ ನಿಮಿಷದಲ್ಲಿ ಒಲೆಗೇರಬೇಕು ಎಂಬುದನ್ನು ನಿರ್ಧರಿಸುವವರು ಅವರೇ.

ಮೊದಲು ಬಂದ ಚೀಟಿಯನ್ನು ಮೊದಲು ಮುಗಿಸುವುದು, ಅದರಲ್ಲಿರುವ ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದು ನ್ಯಾಯವಾದ ಕ್ರಮವೆಂದು ಹೊರಗಿನವರಿಗೆ ತೋರಬಹುದು. ಹಾಗೆ ಮಾಡಿದರೆ ಊಟ ಕೆಡುತ್ತದೆ. ಒಂದೇ ಟೇಬಲಿನ ತಿನಿಸುಗಳು ಬೇರೆ ಬೇರೆ ವಿಭಾಗಗಳಲ್ಲಿ ತಯಾರಾಗುತ್ತವೆ: ಪಲ್ಯ, ಗ್ರೇವಿ, ದಾಲ್‌ಗಳು ಇಂಡಿಯನ್ ಒಲೆಯಲ್ಲಿ, ಫ್ರೈಡ್ ರೈಸ್ ಮತ್ತು ಮಂಚೂರಿ ಚೈನೀಸ್ ಒಲೆಯಲ್ಲಿ, ನಾನ್, ರೋಟಿ, ಟಿಕ್ಕಾಗಳು ತಂದೂರಿನಲ್ಲಿ. ಇವುಗಳಿಗೆ ಬೇಕಾದ ಸಮಯ ಒಂದೇ ಅಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ತಯಾರಾದ ಮೇಲೆ ಇವು ಕಾಯುವ ಶಕ್ತಿಯೂ ಒಂದೇ ಅಲ್ಲ.

ಅಡುಗೆಯ ಸಮಯವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಕಾಯುವ ಶಕ್ತಿಯನ್ನು ಮರೆಯುತ್ತಾರೆ. ದಾಲ್ ಮುಚ್ಚಳದ ಕೆಳಗೆ ಹತ್ತು ನಿಮಿಷ ಕುಳಿತರೂ ಅದರ ರುಚಿಗೆ ಕುಂದಿಲ್ಲ; ಸ್ವಲ್ಪ ಗಟ್ಟಿಯಾದರೆ ಒಂದು ಸೌಟು ಬಿಸಿನೀರು ಸಾಕು. ಮಖನಿ ಗ್ರೇವಿಯೂ ಹೆಚ್ಚುಕಡಿಮೆ ಹಾಗೆಯೇ, ಆದರೆ ಅದರೊಳಗಿನ ಪನೀರ್ ಕುದಿಯುವ ಗ್ರೇವಿಯಲ್ಲಿ ಹೆಚ್ಚು ಹೊತ್ತು ಉಳಿದರೆ ರಬ್ಬರಿನಂತಾಗುತ್ತದೆ. ಕಡಾಯಿ ತರಕಾರಿಯಲ್ಲಿ ದೊಣ್ಣೆಮೆಣಸಿನಕಾಯಿ ತನ್ನ ಬಿಸಿಗೇ ಮೆತ್ತಗಾಗಿ ನೀರು ಬಿಡುತ್ತದೆ, ಆದ್ದರಿಂದ ಅದಕ್ಕೆ ಮೂರು ನಾಲ್ಕು ನಿಮಿಷಗಳ ಆಯುಷ್ಯ. ಫ್ರೈಡ್ ರೈಸಿನ ಆವಿ ಹೋದಂತೆಲ್ಲ ಅಗುಳು ಒಣಗುತ್ತದೆ. ನಾನ್ ಎಲ್ಲಕ್ಕಿಂತ ನಿರ್ದಯಿ: ತಂದೂರಿನಿಂದ ತೆಗೆದ ಎರಡು ಮೂರು ನಿಮಿಷಗಳಲ್ಲಿ ಅದರ ಅಂಚು ಗಟ್ಟಿಯಾಗುತ್ತದೆ, ಐದು ನಿಮಿಷ ಕಳೆದರೆ ಚರ್ಮದಂತೆ ಎಳೆದು ಹರಿಯಬೇಕಾಗುತ್ತದೆ, ಬೆಣ್ಣೆ ಸವರಿ ಬಟ್ಟೆ ಮುಚ್ಚಿಟ್ಟರೆ ಗಟ್ಟಿಯಾಗುವ ಬದಲು ಬೆವರಿ ಒದ್ದೆಯಾಗುತ್ತದೆ.

ಆದ್ದರಿಂದ ಕೌಂಟರಿನಲ್ಲಿ ನಿಂತವರು ಚೀಟಿಯನ್ನು ಮೇಲಿನಿಂದ ಕೆಳಕ್ಕೆ ಓದುವುದಿಲ್ಲ. ಎಲ್ಲವೂ ಕೌಂಟರಿನ ಮೇಲೆ ಬಂದು ಕೂರಬೇಕಾದ ಒಂದು ನಿಮಿಷವನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಪ್ರತಿಯೊಂದು ತಿನಿಸನ್ನು ಅದರ ಹೊತ್ತಿಗೆ ಕೂಗುತ್ತಾರೆ. ಆ ನಿಮಿಷವನ್ನು ಗೊತ್ತುಮಾಡುವುದು ಹೇಗೆ ಎಂಬುದೇ ಇಲ್ಲಿನ ಕಠಿಣ ಭಾಗ. ಅತಿ ಹೆಚ್ಚು ಸಮಯ ಬೇಡುವ ತಿನಿಸು ಅದನ್ನು ನಿರ್ಧರಿಸುತ್ತದೆ ಎಂದು ತರಬೇತಿಗೆ ಬಂದವರಿಗೆ ಕಲಿಸುತ್ತಾರೆ. ಒಂದೇ ಟೇಬಲ್ ಇದ್ದಾಗ ಅದು ಸರಿ. ದಟ್ಟಣೆಯಲ್ಲಿ ಅದನ್ನು ನಿರ್ಧರಿಸುವುದು ಎಲ್ಲರಿಗೂ ಬೇಕಾಗಿರುವ, ಆದರೆ ಒಂದೇ ಇರುವ ತಂದೂರ್.

ತಂದೂರಿನ ಮಿತಿ ಮೂರು ಬಗೆಯದು. ಮೊದಲನೆಯದು ಗೋಡೆಯ ಜಾಗ: ಮಧ್ಯಮ ಗಾತ್ರದ ತಂದೂರಿನ ಒಳಗೋಡೆಗೆ ಒಮ್ಮೆಗೆ ಏಳೆಂಟು ನಾನ್‌ಗಳನ್ನಷ್ಟೇ ಅಂಟಿಸಲು ಸಾಧ್ಯ. ಎರಡನೆಯದು ಬಿಸಿ: ಹಸಿ ಹಿಟ್ಟು ಗೋಡೆಯ ಬಿಸಿಯನ್ನು ಹೀರುವುದರಿಂದ ಒಂದು ಸರದಿ ತೆಗೆದ ಮೇಲೆ ಕೆಂಡ ಕೆದಕಿ ಗೋಡೆ ಮತ್ತೆ ಕಾಯಲು ಸುಮಾರು ಎರಡು ನಿಮಿಷ ಬಿಡಬೇಕಾಗುತ್ತದೆ, ಬಿಡದಿದ್ದರೆ ಮುಂದಿನ ನಾನ್ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಗೋಡೆಯಿಂದ ಜಾರಿ ಕೆಂಡಕ್ಕೇ ಬೀಳುತ್ತದೆ. ಮೂರನೆಯದು, ಟಿಕ್ಕಾ ಅಥವಾ ತಂದೂರಿ ಚಿಕನ್ ಚುಚ್ಚಿದ ಸಲಾಕೆಗಳು ಒಳಗೆ ನಿಂತಿರುವಾಗ ಗೋಡೆಗೆ ಕೈ ಹಾಕುವುದು ಕಷ್ಟ. ಸ್ಥಳ, ಹಣ ಎರಡೂ ಇರುವ ಹೋಟೆಲುಗಳು ರೊಟ್ಟಿಗೊಂದು, ಕಬಾಬಿಗೊಂದು ಎಂದು ಎರಡು ತಂದೂರ್ ಇಡುವುದು ಇದೇ ಕಾರಣಕ್ಕೆ. ಒಂದೇ ಇರುವಲ್ಲಿ ಸಲಾಕೆಗೂ ರೊಟ್ಟಿಗೂ ಸರದಿ ಹಂಚುವ ಹೊಣೆ ಕೌಂಟರಿನವರದ್ದು.

ಒಂದು ಉದಾಹರಣೆಯನ್ನು ನಿಮಿಷ ನಿಮಿಷವಾಗಿ ನೋಡೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಆದರೆ ಈರುಳ್ಳಿ–ಟೊಮೆಟೊ ಮಸಾಲೆ, ಮಖನಿ ಗ್ರೇವಿ, ಬೇಯಿಸಿದ ದಾಲ್, ಬೇಯಿಸಿ ಆರಿಸಿದ ಅನ್ನ, ಹದವಾಗಿ ಬೆಂದ ತರಕಾರಿ ಎಲ್ಲವೂ ಸಂಜೆಯೇ ಸಿದ್ಧವಿರುವ ಅಡುಗೆಮನೆಯಲ್ಲಿ ಇವು ವಾಸ್ತವಕ್ಕೆ ಹತ್ತಿರವೇ ಇವೆ. ಟೇಬಲ್ 12ರಲ್ಲಿ ನಾಲ್ವರು. 8.32ರ ಅವರ ಚೀಟಿಯಲ್ಲಿ ಮೊದಲಿಗೆ ಪನೀರ್ ಟಿಕ್ಕಾ ಮತ್ತು ಗೋಬಿ ಮಂಚೂರಿ ಇವೆ. ಬಳಿಕ ಕಡಾಯಿ ತರಕಾರಿ, ಪನೀರ್ ಬಟರ್ ಮಸಾಲ, ದಾಲ್ ತಡ್ಕಾ, ಫ್ರೈಡ್ ರೈಸ್, ನಾಲ್ಕು ಬಟರ್ ನಾನ್, ಎರಡು ತಂದೂರಿ ರೋಟಿ. ಸ್ಟಾರ್ಟರ್‌ಗಳಲ್ಲಿ ಹೆಚ್ಚು ಯೋಚಿಸಬೇಕಾದ್ದಿಲ್ಲ: ಟಿಕ್ಕಾಗೆ ಒಂಬತ್ತು ನಿಮಿಷ, ಮಂಚೂರಿಗೆ ಏಳು, ಹಾಗಾಗಿ ಟಿಕ್ಕಾವನ್ನು ತಕ್ಷಣ, ಮಂಚೂರಿಯನ್ನು ಎರಡು ನಿಮಿಷ ಬಿಟ್ಟು ಕೂಗಿದರೆ 8.41ಕ್ಕೆ ಎರಡೂ ಬರುತ್ತವೆ. ಮುಖ್ಯ ಊಟದ ಭಾಗ ಚೀಟಿಯಲ್ಲಿದ್ದರೂ ಆಗ ಅದನ್ನು ಯಾರೂ ಮುಟ್ಟುವುದಿಲ್ಲ. ಸ್ಟಾರ್ಟರ್ ತಟ್ಟೆಗಳು ಮುಕ್ಕಾಲು ಖಾಲಿಯಾದಾಗ ಸ್ಟೀವರ್ಡ್ ಬಂದು ಮೇನ್ ಕೋರ್ಸ್ ಬಿಡಿ ಎಂದು ಹೇಳುವವರೆಗೆ ಅದು ತಡೆಹಿಡಿದ ಆರ್ಡರ್. ಆ ಮಾತು 8.52ಕ್ಕೆ ಬಂತು ಎಂದಿಟ್ಟುಕೊಳ್ಳೋಣ.

ಅದೇ ಹೊತ್ತಿಗೆ ಟೇಬಲ್ 7ರಲ್ಲಿ ಆರು ಜನರಿದ್ದಾರೆ. ಅವರ ಮುಖ್ಯ ಊಟವನ್ನು 8.48ಕ್ಕೆ ಬಿಟ್ಟಾಗಿದೆ: ಪನೀರ್ ಬಟರ್ ಮಸಾಲ, ವೆಜ್ ಕೊಲ್ಹಾಪುರಿ, ಹತ್ತು ರೋಟಿ. ತಂದೂರಿನಲ್ಲಿ ಟೇಬಲ್ 15ರ ತಂದೂರಿ ಚಿಕನ್ ಸಲಾಕೆಗಳು ನಿಂತಿದ್ದು, ಅವು 8.52ಕ್ಕೆ ಹೊರಬರಲಿವೆ. ಟೇಬಲ್ 12ರ ಮುಖ್ಯ ಊಟದಲ್ಲಿ ಅತಿ ದೀರ್ಘವಾದದ್ದು ಏಳು ನಿಮಿಷದ ಕಡಾಯಿ ತರಕಾರಿ. ಪನೀರಿಗೆ ಆರು, ದಾಲಿಗೆ ನಾಲ್ಕು, ಫ್ರೈಡ್ ರೈಸಿಗೆ ನಾಲ್ಕು ನಿಮಿಷ. ನಾನ್ ಗೋಡೆಯ ಮೇಲೆ ಇರುವುದು ಒಂದೂವರೆ ನಿಮಿಷವಷ್ಟೇ. ಉಂಡೆಯನ್ನು ಹಿಗ್ಗಿಸಿ ಗದ್ದಿ ಎಂಬ ಬಟ್ಟೆಯ ದಿಂಬಿನ ಮೇಲೆ ಹರಡಿ ಅಂಟಿಸುವ ಕೆಲಸ ಸೇರಿದರೆ ನಾಲ್ಕಕ್ಕೆ ಎರಡು ನಿಮಿಷ, ಆರಕ್ಕೆ ಮೂರು.

ಎಲ್ಲವನ್ನೂ 8.52ಕ್ಕೇ ಕೂಗಿದರೆ ಏನಾಗುತ್ತದೆ ಎಂದು ಮೊದಲು ನೋಡಬೇಕು. ದಾಲ್ ಮತ್ತು ಫ್ರೈಡ್ ರೈಸ್ 8.56ಕ್ಕೆ ಬಂದು ಕೂರುತ್ತವೆ, ಪನೀರ್ 8.58ಕ್ಕೆ, ಕಡಾಯಿ 8.59ಕ್ಕೆ. ತಂದೂರ್ ಮಾತ್ರ ಟೇಬಲ್ 7ರ ಹತ್ತು ರೋಟಿಗಳಲ್ಲಿ ಮುಳುಗಿದೆ. ಒಂದು ಸರದಿಗೆ ಎಂಟೇ ಹಿಡಿಸುವುದರಿಂದ ಹತ್ತಕ್ಕೆ ಎರಡು ಸರದಿ ಬೇಕು; ನಡುವೆ ಗೋಡೆ ಕಾಯುವ ಎರಡು ನಿಮಿಷವೂ ಸೇರಿ ಅವು 9.00ಕ್ಕೆ ಮುಗಿದು, ಗೋಡೆ ಮತ್ತೆ ಕಾದು, ಟೇಬಲ್ 12ರ ಆರು ರೊಟ್ಟಿಗಳು ಬರುವಾಗ 9.05. ಅಷ್ಟರಲ್ಲಿ ಫ್ರೈಡ್ ರೈಸ್ ಒಂಬತ್ತು ನಿಮಿಷ ಕಾದು ಒಣಗಿದೆ, ದೊಣ್ಣೆಮೆಣಸು ಮೆತ್ತಗಾಗಿದೆ. ಇಂಡಿಯನ್ ಒಲೆಯವರೂ ಚೈನೀಸ್ ಒಲೆಯವರೂ ತಮ್ಮ ಕೆಲಸವನ್ನು ಚುರುಕಾಗಿಯೇ ಮಾಡಿದ್ದಾರೆ. ಆದರೂ ತಟ್ಟೆ ಕೆಟ್ಟಿದೆ.

ಸ್ವಲ್ಪ ಬುದ್ಧಿವಂತಿಕೆಯ ಕ್ರಮವೆಂದರೆ ತಂದೂರಿನ ಸರದಿಯನ್ನು ಒಪ್ಪಿಕೊಂಡು, ಮುಗಿಯುವ ನಿಮಿಷವನ್ನು 9.05 ಎಂದೇ ಇಟ್ಟುಕೊಳ್ಳುವುದು. ಆಗ ಕಡಾಯಿಯನ್ನು 8.58ಕ್ಕೆ, ಪನೀರನ್ನು 8.59ಕ್ಕೆ, ದಾಲ್ ಮತ್ತು ಫ್ರೈಡ್ ರೈಸನ್ನು 9.01ಕ್ಕೆ ಕೂಗಬೇಕಾಗುತ್ತದೆ. ಎಲ್ಲವೂ ಬಿಸಿಯಾಗಿಯೇ ಹೋಗುತ್ತವೆ. ಗ್ರಾಹಕರು ಹದಿಮೂರು ನಿಮಿಷ ಕಾಯುತ್ತಾರೆ, ಅದನ್ನು ಹೆಚ್ಚಿನವರು ಸಹಿಸುತ್ತಾರೆ.

ಆದರೆ ಅನುಭವಿಯೊಬ್ಬರು ಇಲ್ಲಿಗೇ ನಿಲ್ಲುವುದಿಲ್ಲ, ಏಕೆಂದರೆ ನಮ್ಮ ಊಟದ ರೀತಿ ಅವರಿಗೆ ಗೊತ್ತು. ತಟ್ಟೆಯೊಂದರಲ್ಲಿ ಮಾಂಸ, ತರಕಾರಿ, ಸಾಸ್ ಎಲ್ಲವನ್ನೂ ಜೋಡಿಸಿ ಒಬ್ಬೊಬ್ಬರಿಗೆ ಬಡಿಸುವ ಪಾಶ್ಚಾತ್ಯ ಪದ್ಧತಿಯಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಮುಗಿಯಲೇಬೇಕು. ನಮ್ಮಲ್ಲಿ ಗ್ರೇವಿಗಳು ಟೇಬಲಿನ ನಡುವೆ ಕೂರುತ್ತವೆ, ರೊಟ್ಟಿಗಳು ಕಂತಿನಲ್ಲಿ ಬರುತ್ತವೆ. ಆರು ಜನರ ಟೇಬಲಿಗೆ ಹತ್ತು ರೋಟಿಗಳನ್ನು ಒಟ್ಟಿಗೆ ಕಳಿಸಿದರೆ ಆರು ತಿನ್ನಲ್ಪಡುತ್ತವೆ, ನಾಲ್ಕು ಬುಟ್ಟಿಯಲ್ಲಿ ಆರಿ ಗಟ್ಟಿಯಾಗುತ್ತವೆ, ಕೊನೆಗೆ ಅವುಗಳಲ್ಲಿ ಎರಡು ವಾಪಸ್ ಬರುತ್ತವೆ. ಒಟ್ಟಿಗೆ ಮುಗಿಯಬೇಕಾದದ್ದು ಗ್ರೇವಿಗಳು ಮತ್ತು ತಲೆಗೊಂದರಂತೆ ಮೊದಲ ರೊಟ್ಟಿ. ಮಿಕ್ಕವು ನಾಲ್ಕೈದು ನಿಮಿಷ ಬಿಟ್ಟು ಬರಬೇಕು, ಬಿಟ್ಟು ಬಂದರೇ ಚೆನ್ನ.

ಈ ಒಂದು ತಿಳಿವಳಿಕೆಯಿಂದ ಇಡೀ ಲೆಕ್ಕ ಬದಲಾಗುತ್ತದೆ. ಟೇಬಲ್ 7ರ ಹತ್ತು ರೋಟಿಗಳನ್ನು ಆರು ಮತ್ತು ನಾಲ್ಕಾಗಿ ಒಡೆದರೆ, ಸಲಾಕೆಗಳು 8.52ಕ್ಕೆ ಹೊರಬಂದ ಕೂಡಲೇ ಮೊದಲ ಆರು ಒಂದೇ ಸರದಿಯಲ್ಲಿ 8.55ಕ್ಕೆ ಬರುತ್ತವೆ. ಅವರ ಗ್ರೇವಿಗಳೂ 8.48ರಿಂದ ಏಳು ನಿಮಿಷಕ್ಕೆ, ಅಂದರೆ 8.55ಕ್ಕೇ ಮುಗಿಯುತ್ತವೆ. ಗೋಡೆ 8.57ರವರೆಗೆ ಕಾಯುತ್ತದೆ. ಟೇಬಲ್ 12ರ ನಾಲ್ಕು ನಾನ್‌ಗಳು 8.59ಕ್ಕೆ ಸಿದ್ಧ. ಹೀಗೆ ಮುಗಿಯುವ ನಿಮಿಷ 9.05ರಿಂದ 8.59ಕ್ಕೆ ಹಿಂದೆ ಸರಿದು, ಏಳು ನಿಮಿಷದ ಕಡಾಯಿಯನ್ನು ಈಗಲೇ, 8.52ಕ್ಕೇ ಕೂಗಬೇಕಾಗುತ್ತದೆ, ಪನೀರ್ 8.53ಕ್ಕೆ, ದಾಲ್ ಮತ್ತು ಫ್ರೈಡ್ ರೈಸ್ 8.55ಕ್ಕೆ. ಟೇಬಲ್ 7ರ ಉಳಿದ ನಾಲ್ಕು ರೋಟಿ, ಟೇಬಲ್ 12ರ ಎರಡು ರೋಟಿ, ಒಟ್ಟು ಆರು ಮತ್ತೆ ಒಂದೇ ಸರದಿಯಾಗಿ 9.03ರ ಸುಮಾರಿಗೆ ಎರಡೂ ಟೇಬಲುಗಳಿಗೆ ಬಿಸಿಯಾಗಿ ಹೋಗುತ್ತವೆ. ತಂದೂರಿಗೆ ಒಂದು ರೊಟ್ಟಿಯ ಕೆಲಸವೂ ಕಡಿಮೆಯಾಗಿಲ್ಲ. ಕೆಲಸದ ಕ್ರಮ ಬದಲಾಗಿದೆ, ಅಷ್ಟರಿಂದಲೇ ಒಂದು ಟೇಬಲಿಗೆ ಐದು ನಿಮಿಷ, ಇನ್ನೊಂದಕ್ಕೆ ಆರು ನಿಮಿಷ ಉಳಿದಿದೆ.

ಒಲೆಗಳ ಲೆಕ್ಕವನ್ನೂ ಇದರೊಂದಿಗೆ ಹೊಂದಿಸಬೇಕು. ಇಂಡಿಯನ್ ವಿಭಾಗದಲ್ಲಿ ನಾಲ್ಕು ಬರ್ನರ್ ಇದ್ದರೆ, 8.52ಕ್ಕೆ ಎರಡರ ಮೇಲೆ ಟೇಬಲ್ 7ರ ಗ್ರೇವಿಗಳಿವೆ, ಉಳಿದೆರಡರ ಮೇಲೆ ಟೇಬಲ್ 12ರ ಕಡಾಯಿ ಮತ್ತು ಪನೀರ್ ಏರುತ್ತವೆ. ದಾಲಿಗೆ ಜಾಗವಿಲ್ಲ, ಆದರೆ 8.55ಕ್ಕೆ ಟೇಬಲ್ 7ರ ಬಾಣಲೆಗಳು ಇಳಿಯುವುದರಿಂದ ದಾಲಿಗೆ ಬೇಕಾದ ಹೊತ್ತಿಗೇ ಬರ್ನರ್ ಖಾಲಿಯಾಗುತ್ತದೆ. ಎರಡೂ ಟೇಬಲಿನವರು ಪನೀರ್ ಬಟರ್ ಮಸಾಲವನ್ನೇ ಕೇಳಿರುವಾಗ ಒಂದೇ ಬಾಣಲೆಯಲ್ಲಿ ಎರಡನ್ನೂ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಮಾಡಬಹುದು, ಮತ್ತು ದಟ್ಟಣೆಯಲ್ಲಿ ಹೀಗೆ ಒಟ್ಟುಗೂಡಿಸದೆ ಯಾವ ಅಡುಗೆಮನೆಯೂ ನಡೆಯುವುದಿಲ್ಲ. ಎರಡು ಪಾಲು ಗ್ರೇವಿಯನ್ನು ಒಟ್ಟಿಗೆ ಕುದಿಸಿ, ಒಂದು ಪಾಲಿಗೆ ಮಾತ್ರ ಪನೀರ್ ಹಾಕಿ 8.55ಕ್ಕೆ ಕಳಿಸಿ, ಉಳಿದ ಗ್ರೇವಿಯನ್ನು ಸಣ್ಣ ಉರಿಯಲ್ಲಿ ಇಟ್ಟು ಕೊನೆಯ ಎರಡು ನಿಮಿಷದಲ್ಲಿ ಎರಡನೆಯ ಪಾಲಿನ ಪನೀರ್ ಸೇರಿಸುವುದು ಸರಿಯಾದ ಕ್ರಮ. ಕಡಾಯಿ ತರಕಾರಿಯನ್ನು ಹೀಗೆ ಕೂಡಿಸಿ ಮಾಡಿ ಅರ್ಧ ತೆಗೆದಿಡುವುದು ತಪ್ಪು, ಏಕೆಂದರೆ ಅದಕ್ಕೆ ಕಾಯುವ ಶಕ್ತಿಯಿಲ್ಲ. ಫ್ರೈಡ್ ರೈಸಿನಲ್ಲಿ ಮಿತಿ ಬೇರೆಯದು: ಎರಡು ಮೂರು ಪಾಲಿಗಿಂತ ಹೆಚ್ಚು ಅನ್ನವನ್ನು ಒಂದೇ ಬಾಣಲೆಗೆ ಸುರಿದರೆ ಬಾಣಲೆಯ ಬಿಸಿ ಇಳಿದು, ಅನ್ನ ಹುರಿಯುವ ಬದಲು ಆವಿಯಲ್ಲಿ ಬೇಯತೊಡಗುತ್ತದೆ.

ಇಷ್ಟೆಲ್ಲ ಲೆಕ್ಕ ಒಬ್ಬರ ತಲೆಯಲ್ಲಿ ನಡೆಯಬೇಕಾದರೆ ಅವರ ಮುಂದೆ ಪೂರ್ತಿ ಚೀಟಿ ಇರಬೇಕು. ಈಗಿನ ಬಿಲ್ಲಿಂಗ್ ಯಂತ್ರಗಳು ಒಂದು ಆರ್ಡರನ್ನು ವಿಭಾಗವಾರು ಒಡೆದು, ತಂದೂರಿನ ಪ್ರಿಂಟರಿಗೆ ರೊಟ್ಟಿ ಮಾತ್ರ, ಚೈನೀಸ್ ಪ್ರಿಂಟರಿಗೆ ಫ್ರೈಡ್ ರೈಸ್ ಮಾತ್ರ ಕಳಿಸುತ್ತವೆ. ಇದು ಅನುಕೂಲವೆಂದು ಮಾರಾಟಗಾರರು ಹೇಳುತ್ತಾರೆ, ಒಂದು ಮಟ್ಟಿಗೆ ನಿಜವೂ ಹೌದು. ಆದರೆ ತಂದೂರಿನವರ ಕೈಗೆ ‘ಟೇಬಲ್ 12, ನಾಲ್ಕು ನಾನ್’ ಎಂಬ ಚೀಟಿ ಬಂದಾಗ ಅದರ ಜೊತೆಗಿರುವ ಕಡಾಯಿ ಇನ್ನೂ ಒಲೆಗೇರಿಲ್ಲ ಎಂಬುದು ಅವರಿಗೆ ತಿಳಿಯುವುದಿಲ್ಲ. ಕೈ ಖಾಲಿಯಿದ್ದರೆ ಅವರು ತಕ್ಷಣ ಹಾಕಿಬಿಡುತ್ತಾರೆ. ಎಲ್ಲವನ್ನೂ ಒಳಗೊಂಡ ಒಂದು ಪ್ರತಿ ಕೌಂಟರಿನಲ್ಲಿ ಮುದ್ರಣವಾಗಬೇಕು, ಮತ್ತು ವಿಭಾಗದ ಚೀಟಿ ಬಂದರೂ ಕೂಗು ಬರುವವರೆಗೆ ಶುರು ಮಾಡಬಾರದು ಎಂಬ ಶಿಸ್ತು ಇರಬೇಕು. ಕೌಂಟರಿನವರು ತಮ್ಮ ಪ್ರತಿಯಲ್ಲಿ ಕೂಗಿದ ತಿನಿಸಿನ ಪಕ್ಕ ಒಂದು ಓರೆಗೆರೆ ಎಳೆಯುತ್ತಾರೆ, ಅದು ಕೌಂಟರಿಗೆ ಬಂದ ಮೇಲೆ ಹೆಸರನ್ನೇ ಹೊಡೆದುಹಾಕುತ್ತಾರೆ, ಎಲ್ಲವೂ ಹೋದ ಚೀಟಿಯನ್ನು ಮೊಳೆಗೆ ಚುಚ್ಚುತ್ತಾರೆ. ಯಾವುದು ಬಾಕಿ, ಯಾವುದು ಒಲೆಯ ಮೇಲೆ ಎಂಬುದು ಕಣ್ಣಾಡಿಸಿದರೆ ಗೊತ್ತಾಗುವುದು ಈ ಗೆರೆಗಳಿಂದ.

ರೊಟ್ಟಿಯ ವಿಚಾರದಲ್ಲಿ ಯಂತ್ರ ಮಾಡುವ ಇನ್ನೊಂದು ತಪ್ಪಿದೆ. ಊಟದ ನಡುವೆ ಗ್ರಾಹಕರು ‘ಇನ್ನೆರಡು ರೋಟಿ ಕೊಡಿ’ ಎಂದರೆ ಅದು ಹೊಸ ಚೀಟಿಯಾಗಿ, ಹೊಸ ಸಮಯದೊಂದಿಗೆ, ಸಾಲಿನ ಕೊನೆಗೆ ಬರುತ್ತದೆ. ಸಾಲಿನ ನ್ಯಾಯದ ಪ್ರಕಾರ ಅದಕ್ಕೆ ಹದಿನೈದು ನಿಮಿಷ ಕಾಯಬೇಕು. ಅಷ್ಟರಲ್ಲಿ ಅವರ ಗ್ರೇವಿ ಆರಿರುತ್ತದೆ, ಕೈ ಒಣಗಿರುತ್ತದೆ. ಇಂಥ ಚೀಟಿಯನ್ನು ಹಳೆಯ ಚೀಟಿಯ ಮುಂದುವರಿಕೆಯೆಂದೇ ತಿಳಿದು ಮುಂದಿನ ಸರದಿಯಲ್ಲೇ ಸೇರಿಸಬೇಕು. ತಂದೂರಿನ ಪ್ರತಿ ಸರದಿಯಲ್ಲೂ ಗೋಡೆಯ ಒಂದೆರಡು ಜಾಗವನ್ನು ಇಂಥವಕ್ಕಾಗಿ ಖಾಲಿ ಬಿಡುವವರಿದ್ದಾರೆ. ದಟ್ಟಣೆಯಲ್ಲಿ ಜಾಗ ಖಾಲಿ ಬಿಡುವುದು ದುಂದುಗಾರಿಕೆಯಂತೆ ಕಾಣುತ್ತದೆ, ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ಜಾಣತನ.

ಅಡುಗೆಮನೆ ಕೈಮೀರುತ್ತಿದೆ ಎಂಬುದನ್ನು ಗ್ರಾಹಕರ ದೂರಿಗಿಂತ ಮೊದಲೇ ತಿಳಿಯುವ ಗುರುತುಗಳಿವೆ. ಕೌಂಟರಿನ ಮೇಲೆ ಗ್ರೇವಿ ಬಟ್ಟಲುಗಳು ಕೆನೆಗಟ್ಟುತ್ತ ನಿಂತಿದ್ದರೆ ತಂದೂರ್ ಹಿಂದೆ ಬಿದ್ದಿದೆ ಎಂದರ್ಥ. ರೊಟ್ಟಿಗಳು ಕಾಯುತ್ತಿದ್ದರೆ ಕೂಗುವ ಕ್ರಮವೇ ತಪ್ಪಿದೆ. ಮತ್ತೊಂದು ಗುರುತು ಪಟ್ಟಿಗೆ ಸಿಕ್ಕಿಸಿದ ಚೀಟಿಗಳ ಎಣಿಕೆ. ಎರಡು ನಿಮಿಷಕ್ಕೊಂದು ಚೀಟಿ ಮುಗಿಯುವ ಅಡುಗೆಮನೆಯಲ್ಲಿ ಹತ್ತು ಚೀಟಿಗಳಿದ್ದರೆ ಈಗ ಬಂದದ್ದು ಮುಗಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು; ಹದಿನಾರಿದ್ದರೆ ಮೂವತ್ತೆರಡು. ಸರದಿಯ ಉದ್ದ, ಬರುವ ವೇಗ, ಕಾಯುವ ಸಮಯ ಇವುಗಳ ಈ ಸಂಬಂಧಕ್ಕೆ ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದ ಪುರಾವೆ ಕೊಟ್ಟರು, ಆದರೆ ಕೌಂಟರಿನಲ್ಲಿ ನಿಲ್ಲುವವರು ಅದನ್ನು ಹೆಸರು ತಿಳಿಯದೆಯೇ ಬಳಸುತ್ತಾರೆ. ಚೀಟಿಗಳು ಹದಿನಾರಾದಾಗ ಅಡುಗೆಯವರಿಗೆ ಬೇಗ ಬೇಗ ಎಂದು ಕೂಗುವುದರಿಂದ ತಂದೂರಿನ ಗೋಡೆ ಬೇಗ ಕಾಯುವುದಿಲ್ಲ. ಆಗ ಮಾಡಬೇಕಾದ ಕೆಲಸ ಬಾಗಿಲಿನ ಬಳಿ ಇದೆ: ಹೊಸದಾಗಿ ಬಂದ ಮೂರು ಗುಂಪುಗಳನ್ನು ಒಟ್ಟಿಗೆ ಕೂರಿಸದೆ ಐದೈದು ನಿಮಿಷ ಬಿಟ್ಟು ಕೂರಿಸುವುದು, ಸ್ಟಾರ್ಟರ್ ಕೇಳುವವರಿಗೆ ತಂದೂರಿನದರ ಬದಲು ಸೂಪನ್ನೋ ಚೈನೀಸ್ ತಿನಿಸನ್ನೋ ಸೂಚಿಸುವುದು, ಕಾಯುವ ಸಮಯವನ್ನು ಇದ್ದದ್ದು ಇದ್ದ ಹಾಗೆ ಹೇಳುವುದು.

ಇಷ್ಟು ಲೆಕ್ಕ ಹಾಕಿದ ಮೇಲೂ ಬಾಣಲೆ ಸೀಯಬಹುದು. ಟೇಬಲ್ 12ರ ಕಡಾಯಿ ತರಕಾರಿ 8.57ಕ್ಕೆ ತಳ ಹಿಡಿಯಿತು ಎಂದುಕೊಳ್ಳೋಣ. ಹೊಸದಾಗಿ ಮಾಡಿದರೆ ಅದು ಬರುವುದು 9.04ಕ್ಕೆ. ಒಬ್ಬೊಬ್ಬರಿಗೆ ತಟ್ಟೆ ಜೋಡಿಸುವ ಅಡುಗೆಮನೆಯಲ್ಲಾದರೆ ಉಳಿದ ತಟ್ಟೆಗಳನ್ನೂ ತಡೆಹಿಡಿಯಬೇಕಾಗುತ್ತಿತ್ತು, ಅಗತ್ಯಬಿದ್ದರೆ ಅವನ್ನೂ ಮತ್ತೆ ಮಾಡಬೇಕಾಗುತ್ತಿತ್ತು. ಇಲ್ಲಿ ಹಾಗಿಲ್ಲ. ನಾಲ್ಕು ನಾನ್‌ಗಳು ಗೋಡೆಗೆ ಅಂಟುವ ಹೊತ್ತಾಗಿದೆ, ಪನೀರ್ ಮತ್ತು ದಾಲ್ 8.59ಕ್ಕೆ ಬರುತ್ತವೆ. ಅವನ್ನು ಹಾಗೆಯೇ ಕಳಿಸಿದರೆ ನಾಲ್ವರೂ ಊಟ ಶುರು ಮಾಡಬಹುದು. ಫ್ರೈಡ್ ರೈಸನ್ನು 8.55ಕ್ಕೇ ಕೂಗಿರುವುದರಿಂದ ಅದೂ ತಡೆಯದೆ ಹೋಗಬೇಕು. ಬದಲಾಯಿಸಲು ಸಾಧ್ಯವಿರುವುದು ಬಾಕಿ ಉಳಿದ ಎರಡು ರೋಟಿಗಳನ್ನು ಮಾತ್ರ: 9.03ರ ಸರದಿಯಲ್ಲಿ ಅವನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸುವಂತೆ ತಂದೂರಿನವರಿಗೆ ಹೇಳಿದರೆ, ಅವು ಹೊಸ ಕಡಾಯಿಯ ಜೊತೆಗೇ ಟೇಬಲ್ ಸೇರುತ್ತವೆ. ಟೇಬಲ್ 7ರ ನಾಲ್ಕು ರೋಟಿಗಳು ಮಾತ್ರ ಯಾರಿಗೂ ಕಾಯದೆ ತಮ್ಮ ಹೊತ್ತಿಗೆ ಹೋಗುತ್ತವೆ.